ಬ್ಯಾಂಕು ಬರೆದದ್ದು, ಅಂಗಡಿ ಬರೆಯದ್ದು

ಹಾವೇರಿಯಂಥ ಊರಿನಲ್ಲಿ ಒಂದು ಬಣ್ಣ-ಹಾರ್ಡ್‌ವೇರ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಮಾರ್ಚ್ 31ಕ್ಕೆ ಅಂಗಡಿಯ ಲೆಕ್ಕದ ಪ್ರಕಾರ ಬ್ಯಾಂಕಿನಲ್ಲಿ ಇರಬೇಕಾದದ್ದು 1,86,400 ರೂಪಾಯಿ. ಬ್ಯಾಂಕಿನಿಂದ ತರಿಸಿಕೊಂಡ ಸ್ಟೇಟ್‌ಮೆಂಟಿನ ಕೊನೆಯ ಸಾಲಿನಲ್ಲಿ ಇರುವುದು 1,69,574. ವ್ಯತ್ಯಾಸ 16,826 ರೂಪಾಯಿ.

ಇಂಥ ವ್ಯತ್ಯಾಸ ಬಂದಾಗ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ‘ಯಾವುದೋ ಚೆಕ್ ಇನ್ನೂ ಪಾಸಾಗಿಲ್ಲ, ಬಿಡಿ, ಮುಂದಿನ ತಿಂಗಳು ಸರಿಹೋಗುತ್ತದೆ.’ ಈ ಮಾತು ಅರ್ಧ ಸರಿ. ಕೆಲವು ವ್ಯತ್ಯಾಸಗಳು ನಿಜವಾಗಿಯೂ ತಾವಾಗಿ ಸರಿಹೋಗುತ್ತವೆ. ಇನ್ನು ಕೆಲವು ಎಷ್ಟು ತಿಂಗಳು ಕಾದರೂ ಸರಿಹೋಗುವುದಿಲ್ಲ, ಯಾಕೆಂದರೆ ಅವುಗಳನ್ನು ಸರಿಮಾಡಬೇಕಾದದ್ದು ಬ್ಯಾಂಕ್ ಅಲ್ಲ, ನಾವು. ಬ್ಯಾಂಕ್ ಹೊಂದಾಣಿಕೆ ಪಟ್ಟಿ, ಅಂದರೆ ಲೆಕ್ಕದವರು ಬಿ.ಆರ್.ಎಸ್. ಎಂದು ಕರೆಯುವ ಕಾಗದದ ನಿಜವಾದ ಕೆಲಸ ಈ ಎರಡು ಬಗೆಯನ್ನು ಬೇರ್ಪಡಿಸುವುದು. ಬಹಳ ಕಡೆ ಪಟ್ಟಿ ತಯಾರಾಗುತ್ತದೆ, ಫೈಲಿಗೆ ಸೇರುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಪಟ್ಟಿಯಿಂದ ಹೊರಟು ಪುಸ್ತಕಕ್ಕೆ ಬರಬೇಕಾದ ಎಂಟ್ರಿಗಳು ಮಾತ್ರ ಬರುವುದೇ ಇಲ್ಲ.

ನಮ್ಮ ಅಂಗಡಿಯ ಸ್ಟೇಟ್‌ಮೆಂಟನ್ನು ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಹೋದರೆ ಐದು ವಿಷಯಗಳು ಟಿಕ್ ಇಲ್ಲದೆ ಉಳಿಯುತ್ತವೆ. ಟೈಲ್ಸ್ ಕಂಪನಿಗೆ ಕೊಟ್ಟ 24,000 ರೂಪಾಯಿಯ ಚೆಕ್ಕನ್ನು ಅವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಮಾರ್ಚ್ 31ರ ಸಂಜೆ ನಾವು ಡ್ರಾಪ್ ಬಾಕ್ಸಿಗೆ ಹಾಕಿದ 15,000ದ ಚೆಕ್ ಇನ್ನೂ ನಮ್ಮ ಖಾತೆಗೆ ಜಮೆಯಾಗಿಲ್ಲ. ಈ ಎರಡೂ ನಮ್ಮ ಪುಸ್ತಕದಲ್ಲಿವೆ, ಬ್ಯಾಂಕಿನ ಪುಸ್ತಕದಲ್ಲಿಲ್ಲ. ಇವಕ್ಕೆ ನಾವು ಏನೂ ಬರೆಯಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಬ್ಯಾಂಕ್ ಬರೆದುಕೊಳ್ಳುತ್ತದೆ.

ಉಳಿದ ಮೂರು ತಿರುಗುಮುರುಗು. ಅವು ಬ್ಯಾಂಕಿನ ಪುಸ್ತಕದಲ್ಲಿವೆ, ನಮ್ಮಲ್ಲಿಲ್ಲ. ಬ್ಯಾಂಕು ತನ್ನ ಶುಲ್ಕ ಎಂದು ಎರಡು ಬಾರಿ ಸೇರಿ 826 ರೂಪಾಯಿ ಮುರಿದುಕೊಂಡಿದೆ. ಒಬ್ಬ ಕಟ್ಟಡ ಗುತ್ತಿಗೆದಾರರು ಕೊಟ್ಟಿದ್ದ 38,500 ರೂಪಾಯಿಯ ಚೆಕ್ ಬೌನ್ಸ್ ಆಗಿದೆ. ನಿಶ್ಚಿತ ಠೇವಣಿಯ ಬಡ್ಡಿ ಎಂದು 13,500 ರೂಪಾಯಿ ಜಮೆಯಾಗಿದೆ. ಈ ಮೂರಕ್ಕೂ ನಾವು ಎಂಟ್ರಿ ಹಾಕಲೇಬೇಕು.

ಇಲ್ಲಿ ಒಂದು ಅಂಕಿಯನ್ನು ಗಮನಿಸಿ. ಹೊರಗೆ ಕಾಣುವ ವ್ಯತ್ಯಾಸ 16,826 ಮಾತ್ರ. ಆದರೆ ಒಳಗೆ 38,500ದ ದೊಡ್ಡದೊಂದು ಹಳ್ಳ ಇದೆ. ಬಡ್ಡಿ ಜಮೆಯಾದದ್ದು, ಟೈಲ್ಸ್ ಕಂಪನಿಯವರು ಚೆಕ್ ಹಾಕದೇ ಇದ್ದದ್ದು ಎರಡೂ ಸೇರಿ ಆ ಹಳ್ಳದ ಬಹುಭಾಗವನ್ನು ಮುಚ್ಚಿವೆ. ವ್ಯತ್ಯಾಸ ಚಿಕ್ಕದಿದೆ ಎಂದು ಬಿಟ್ಟುಬಿಡುವುದು ಎಷ್ಟು ಅಪಾಯದ ಅಭ್ಯಾಸ ಎನ್ನುವುದಕ್ಕೆ ಇಷ್ಟು ಸಾಕು. ವ್ಯತ್ಯಾಸ ಸೊನ್ನೆಯಾಗಿದ್ದರೂ ಒಳಗೆ ಇಂಥದ್ದು ಇರಬಹುದು.

ಎಂಟ್ರಿಗೆ ಹೋಗುವ ಮೊದಲು ಒಂದು ಗೊಂದಲ ಕಳೆದುಕೊಳ್ಳಬೇಕು. ಸ್ಟೇಟ್‌ಮೆಂಟಿನಲ್ಲಿ ಬ್ಯಾಂಕ್ ಶುಲ್ಕದ ಎದುರು ಡೆಬಿಟ್ ಎಂದಿರುತ್ತದೆ, ಬಡ್ಡಿಯ ಎದುರು ಕ್ರೆಡಿಟ್ ಎಂದಿರುತ್ತದೆ. ಹೊಸದಾಗಿ ಲೆಕ್ಕ ಬರೆಯುವವರು ಅದನ್ನೇ ನೋಡಿ ತಮ್ಮ ಪುಸ್ತಕದ ಬ್ಯಾಂಕ್ ಖಾತೆಯಲ್ಲೂ ಹಾಗೆಯೇ ಬರೆಯುತ್ತಾರೆ. ಆ ಸ್ಟೇಟ್‌ಮೆಂಟ್ ನಮ್ಮ ಪುಸ್ತಕದ ನಕಲಲ್ಲ, ಬ್ಯಾಂಕಿನ ಪುಸ್ತಕದಲ್ಲಿ ನಮ್ಮ ಹೆಸರಿನ ಪುಟ. ನಾವಿಟ್ಟ ಹಣ ನಮಗೆ ಆಸ್ತಿ, ಬ್ಯಾಂಕಿಗೆ ಅದು ನಮಗೆ ಕೊಡಬೇಕಾದ ಸಾಲ. ಆದ್ದರಿಂದ ಅಲ್ಲಿ ಡೆಬಿಟ್ ಆದದ್ದು ನಮ್ಮ ಬ್ಯಾಂಕ್ ಖಾತೆಯಲ್ಲಿ ಕ್ರೆಡಿಟ್, ಅಲ್ಲಿ ಕ್ರೆಡಿಟ್ ಆದದ್ದು ನಮ್ಮಲ್ಲಿ ಡೆಬಿಟ್. ಪಕ್ಕ ತಪ್ಪಿಸಿ ಬರೆದರೆ ವ್ಯತ್ಯಾಸ ಹೋಗುವ ಬದಲು ಆ ಮೊತ್ತದ ಎರಡರಷ್ಟಾಗುತ್ತದೆ. 590ರ ಶುಲ್ಕ ಬರೆದ ಮೇಲೂ 1,180 ತಾಳೆಯಾಗುತ್ತಿಲ್ಲ ಎಂದರೆ ಬೇರೆಲ್ಲೂ ಹುಡುಕಬೇಡಿ, ಪಕ್ಕ ತಪ್ಪಿದೆ.

ಶುಲ್ಕದಿಂದಲೇ ಶುರುಮಾಡೋಣ, ಅದು ಸುಲಭದ್ದು. ನಮ್ಮ ಸ್ಟೇಟ್‌ಮೆಂಟಿನಲ್ಲಿ ಮೂರು ತಿಂಗಳ ನಿರ್ವಹಣಾ ಶುಲ್ಕ ಎಂದು 590, ಚೆಕ್ ವಾಪಸಾದ ಶುಲ್ಕ ಎಂದು 236 ರೂಪಾಯಿ ಕಡಿತವಾಗಿದೆ. ಈ ಮೊತ್ತಗಳು ಉದಾಹರಣೆಗೆ ತೆಗೆದುಕೊಂಡವು, ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆದರೆ 590, 236, 118 ಎಂಬಂಥ ಅಂಕಿ ಕಂಡರೆ ಅದರೊಳಗೆ ಶೇ 18ರ ಜಿಎಸ್‌ಟಿ ಸೇರಿದೆ ಎಂದು ಊಹಿಸಬಹುದು. 590ರಲ್ಲಿ ಶುಲ್ಕ 500, ತೆರಿಗೆ 90. 236ರಲ್ಲಿ ಶುಲ್ಕ 200, ತೆರಿಗೆ 36. ಅಂಗಡಿ ಜಿಎಸ್‌ಟಿಯಲ್ಲಿ ನೋಂದಣಿಯಾಗಿದ್ದು, ಆ ನೋಂದಣಿ ಸಂಖ್ಯೆಯನ್ನು ಬ್ಯಾಂಕಿಗೆ ಕೊಟ್ಟಿದ್ದು, ತೆರಿಗೆ ಕಟ್ಟುವ ಸರಕನ್ನೇ ಮಾರುತ್ತಿದ್ದರೆ ಈ 126 ರೂಪಾಯಿಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಆಗ ಎಂಟ್ರಿ ಹೀಗೆ:

ಬ್ಯಾಂಕ್ ಶುಲ್ಕ ಖಾತೆ, ಡೆಬಿಟ್ 700
ಹೂಡುವಳಿ ಸಿಜಿಎಸ್‌ಟಿ, ಡೆಬಿಟ್ 63
ಹೂಡುವಳಿ ಎಸ್‌ಜಿಎಸ್‌ಟಿ, ಡೆಬಿಟ್ 63
ಬ್ಯಾಂಕ್ ಖಾತೆಗೆ, ಕ್ರೆಡಿಟ್ 826

ಬ್ಯಾಂಕಿಗೆ ನೋಂದಣಿ ಸಂಖ್ಯೆಯನ್ನೇ ಕೊಟ್ಟಿಲ್ಲದಿದ್ದರೆ, ಅಥವಾ ಅಂಗಡಿ ಕಾಂಪೋಸಿಷನ್ ಯೋಜನೆಯಲ್ಲಿದ್ದರೆ, ತೆರಿಗೆ ವಾಪಸು ಸಿಗುವುದಿಲ್ಲ. ಆಗ ಪೂರ್ತಿ 826 ಬ್ಯಾಂಕ್ ಶುಲ್ಕವೇ. ಒಂದು ಅಂಗಡಿಗೆ ಇದು ಚಿಲ್ಲರೆ ಮೊತ್ತ ಎನ್ನಿಸಬಹುದು. ಓವರ್‌ಡ್ರಾಫ್ಟ್, ಬ್ಯಾಂಕ್ ಗ್ಯಾರಂಟಿ, ಸಾಲದ ಪ್ರೊಸೆಸಿಂಗ್ ಶುಲ್ಕ ಇರುವ ವ್ಯವಹಾರಗಳಲ್ಲಿ ವರ್ಷಕ್ಕೆ ಇದೇ ತೆರಿಗೆ ಸಾವಿರಗಟ್ಟಲೆ ಆಗುತ್ತದೆ, ಆದರೂ ಅದನ್ನು ಕೇಳಿ ಪಡೆಯುವವರು ಕಡಿಮೆ. ಪಡೆಯುವ ಮುನ್ನ ಆ ತೆರಿಗೆ ಜಿಎಸ್‌ಟಿ ಪೋರ್ಟಲಿನ `GSTR-2B`ಯಲ್ಲಿ ಕಾಣಿಸಿಕೊಂಡಿದೆಯೇ ನೋಡಬೇಕು. ಬರೀ ಸ್ಟೇಟ್‌ಮೆಂಟಿನ ಸಾಲು ಸಾಲದು.

ಇನ್ನು ಬೌನ್ಸ್ ಆದ ಚೆಕ್. ಮೂರರಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ, ತಪ್ಪಿಗೆ ಹೆಚ್ಚು ಬೆಲೆ ತೆರಬೇಕಾದದ್ದೂ ಇಲ್ಲೇ.

ಗುತ್ತಿಗೆದಾರರ ಬಾಕಿ ಇದ್ದದ್ದು 39,000. ಬೇಗ ಕೊಡುತ್ತಿದ್ದೀರಿ ಎಂದು ಅಂಗಡಿಯವರು 500 ರೂಪಾಯಿ ರಿಯಾಯಿತಿ ಬಿಟ್ಟರು. ಅವರು ಮಾರ್ಚ್ 20ರ ತಾರೀಖು ಹಾಕಿ 38,500ಕ್ಕೆ ಚೆಕ್ ಕೊಟ್ಟರು. ಅಂಗಡಿಯವರು 24ರಂದು ಬ್ಯಾಂಕಿಗೆ ಹಾಕಿ, ಅದೇ ದಿನ ಪುಸ್ತಕದಲ್ಲಿ ಜಮೆ ಬರೆದು, ಗುತ್ತಿಗೆದಾರರ ಖಾತೆಯನ್ನು ಸೊನ್ನೆ ಮಾಡಿದರು. ಮರುದಿನ ಚೆಕ್ ವಾಪಸು ಬಂತು. ಬ್ಯಾಂಕ್ ಜತೆಗೊಂದು ರಿಟರ್ನ್ ಮೆಮೊ ಕೊಟ್ಟಿತು, ಕಾರಣದ ಜಾಗದಲ್ಲಿ ಹಣ ಸಾಲದು ಎಂದಿತ್ತು. ಮೆಮೊ ಗಲ್ಲಾಪೆಟ್ಟಿಗೆಯ ಡ್ರಾಯರ್ ಸೇರಿತು. ಪುಸ್ತಕದಲ್ಲಿ ಯಾರೂ ಏನೂ ಬರೆಯಲಿಲ್ಲ.

ಸ್ಟೇಟ್‌ಮೆಂಟಿನಲ್ಲಿ ಇದು ಎರಡು ಸಾಲಾಗಿ ಕಾಣುತ್ತದೆ. ಮೊದಲು 38,500 ಜಮೆ, ಆಮೇಲೆ ಅದೇ 38,500 ಕಡಿತ, ಅದರ ವಿವರದಲ್ಲಿ `RTN` ಅಥವಾ `RETURN` ಎಂಬ ಅಕ್ಷರಗಳು. ಟಿಕ್ ಹಾಕುವವರು ಮೊದಲ ಸಾಲನ್ನು ನೋಡಿ, ನಮ್ಮ ಪುಸ್ತಕದಲ್ಲೂ ಇದೆ, ಸರಿ ಎಂದು ಮುಂದೆ ಹೋಗುತ್ತಾರೆ. ಎರಡನೆಯ ಸಾಲು ಕಣ್ಣಿಗೆ ಬೀಳದೆ ಉಳಿಯುವುದು ಹಾಗೆ. ಒಂದೇ ಮೊತ್ತ ಎರಡೂ ಕಡೆ ಇದೆಯೇ ಎಂದು ನೋಡುವುದೇ ಬೌನ್ಸ್ ಹುಡುಕುವ ಸರಳ ವಿಧಾನ.

ಬರೆಯಬೇಕಾದ ಎಂಟ್ರಿ ಇದು:

ಗುತ್ತಿಗೆದಾರರ ಖಾತೆ, ಡೆಬಿಟ್ 39,000
ಬ್ಯಾಂಕ್ ಖಾತೆಗೆ, ಕ್ರೆಡಿಟ್ 38,500
ಕೊಟ್ಟ ರಿಯಾಯಿತಿ ಖಾತೆಗೆ, ಕ್ರೆಡಿಟ್ 500

ಮೂರನೆಯ ಸಾಲನ್ನು ನೋಡಿ. ರಿಯಾಯಿತಿ ಬಿಟ್ಟದ್ದು ಹಣ ಬಂತೆಂಬ ಲೆಕ್ಕದ ಮೇಲೆ. ಹಣವೇ ಬರಲಿಲ್ಲ ಎಂದ ಮೇಲೆ ರಿಯಾಯಿತಿಯೂ ಇಲ್ಲ, ಪೂರ್ತಿ 39,000 ಮತ್ತೆ ಬಾಕಿ. ಇದನ್ನು ಮರೆತು 38,500 ಮಾತ್ರ ಗುತ್ತಿಗೆದಾರರ ಹೆಸರಿಗೆ ಹಾಕಿದರೆ ಬ್ಯಾಂಕ್ ಲೆಕ್ಕ ತಾಳೆಯಾಗುತ್ತದೆ, ಆದರೆ 500 ರೂಪಾಯಿ ಸದ್ದಿಲ್ಲದೆ ಹೋಗುತ್ತದೆ. ಬ್ಯಾಂಕಿನ ಕಡೆಯಿಂದ ಮಾತ್ರ ನೋಡುವವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ.

ವಾಪಸಾದ ಶುಲ್ಕ 236 ಯಾರದು ಎಂಬ ಪ್ರಶ್ನೆ ಬರುತ್ತದೆ. ಗುತ್ತಿಗೆದಾರರಿಂದ ವಸೂಲು ಮಾಡುತ್ತೇವೆ ಎಂದು ಅದನ್ನೂ ಅವರ ಖಾತೆಗೆ ಹಾಕುವವರಿದ್ದಾರೆ. ಪುಸ್ತಕದ ನಿಯಮದಲ್ಲಿ ಅದು ತಪ್ಪಲ್ಲ. ಆದರೆ ಅವರು ಕೊನೆಗೆ ಬಾಕಿ ತೀರಿಸಿದಾಗ ‘ಬ್ಯಾಂಕಿನ ಖರ್ಚು ನನಗೇಕೆ’ ಎಂದು 39,000 ಮಾತ್ರ ಕೊಟ್ಟು ಹೋಗುತ್ತಾರೆ, ಅವರ ಖಾತೆಯಲ್ಲಿ 236 ವರ್ಷಗಟ್ಟಲೆ ನೇತಾಡುತ್ತದೆ. ಆದ್ದರಿಂದ ಮೊದಲು ನಮ್ಮ ಖರ್ಚೆಂದೇ ಬರೆದು, ಅವರು ಕೊಟ್ಟರೆ ಆಗ ಆದಾಯವಾಗಿ ಬರೆಯುವುದು ಸಣ್ಣ ಅಂಗಡಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೇಲಿನ ಶುಲ್ಕದ ಎಂಟ್ರಿಯಲ್ಲಿ ನಾವು ಮಾಡಿದ್ದು ಹಾಗೆಯೇ.

ಈಗ ತಪ್ಪುಗಳ ಕಡೆ ಬರೋಣ. ಒಂದು, ಬೌನ್ಸ್ ಆದ ಮೊತ್ತವನ್ನು ಬ್ಯಾಂಕ್ ಖರ್ಚಿಗೋ ಕರಡು ನಷ್ಟಕ್ಕೋ ಬರೆದುಬಿಡುವುದು. ಚೆಕ್ ವಾಪಸಾದ ಮಾತ್ರಕ್ಕೆ ಹಣ ಮುಳುಗಿದಂತಲ್ಲ, ಗುತ್ತಿಗೆದಾರರು ಇನ್ನೂ ನಮಗೆ ಸಾಲಗಾರರೇ. ಇನ್ನೊಂದು, ಮಾರಾಟವನ್ನೇ ರದ್ದು ಮಾಡುವುದು. ಸರಕು ಹೋಗಿದೆ, ಬಿಲ್ ಆಗಿದೆ, ಜಿಎಸ್‌ಟಿ ಕಟ್ಟಿದ್ದಾಗಿದೆ. ಮಾರಾಟಕ್ಕೂ ಚೆಕ್ಕಿಗೂ ಸಂಬಂಧವಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಬೇರೆಯೇ ಇದೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವರು ಹಳೆಯ ಜಮೆ ಎಂಟ್ರಿಯನ್ನೇ ಅಳಿಸಿಬಿಡುತ್ತಾರೆ. ಚೆಕ್ ಬಂದೇ ಇಲ್ಲ ಎನ್ನುವ ಹಾಗೆ. ಸ್ಟೇಟ್‌ಮೆಂಟಿನಲ್ಲಿ ಬಂದದ್ದೂ ಹೋದದ್ದೂ ಒಂದಕ್ಕೊಂದು ವಜಾ ಆಗುವುದರಿಂದ ಬಾಕಿ ತಾಳೆಯಾಗುತ್ತದೆ, ಗುತ್ತಿಗೆದಾರರ ಖಾತೆಯಲ್ಲೂ 39,000 ಮತ್ತೆ ಕಾಣುತ್ತದೆ. ಉತ್ತರ ಸರಿ ಬಂತಲ್ಲ ಎನ್ನುತ್ತಾರೆ. ಆದರೆ ಅವರು ಒಮ್ಮೆ ಚೆಕ್ ಕೊಟ್ಟಿದ್ದರು, ಅದು ಇಂಥ ದಿನ ವಾಪಸಾಯಿತು ಎಂಬ ದಾಖಲೆ ನಮ್ಮ ಪುಸ್ತಕದಿಂದ ಮಾಯವಾಯಿತು. ನಾಳೆ ಅದೇ ಗಿರಾಕಿಗೆ ಇನ್ನೊಂದು ಲಕ್ಷದ ಸರಕು ಉದ್ದರಿ ಕೊಡುವಾಗ ಅವರ ಖಾತೆ ನೋಡಿದರೆ ಕಳಂಕವೇ ಇಲ್ಲ. ಪ್ರಕರಣ ಕೋರ್ಟಿಗೆ ಹೋದರೆ ನಮ್ಮದೇ ಲೆಕ್ಕ ನಮ್ಮ ಪರವಾಗಿ ಮಾತಾಡುವುದಿಲ್ಲ. ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯ ಜಾಡನ್ನು ಉಳಿಸಿಕೊಳ್ಳುವ ಲೆಕ್ಕದ ತಂತ್ರಾಂಶವೇ ಕಡ್ಡಾಯ. ಅಂಗಡಿಗೆ ಆ ಕಡ್ಡಾಯ ಇಲ್ಲದಿರಬಹುದು, ಆದರೂ ಜಮೆಯನ್ನು ಅಳಿಸದೆ ಅದರ ಕೆಳಗೆ ಇನ್ನೊಂದು ಎಂಟ್ರಿ ಹಾಕುವುದೇ ಸರಿಯಾದ ದಾರಿ.

ತಾರೀಖು ಮುಖ್ಯವಾಗುವುದು ಕಾನೂನಿನ ಕಾರಣಕ್ಕೂ ಹೌದು. ಹಣ ಸಾಲದೆ ಚೆಕ್ ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಡಿ ಕ್ರಮ ಕೈಗೊಳ್ಳಬಹುದು. ಅದಕ್ಕೆ, ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ 15 ದಿನಗಳಲ್ಲಿ ಅವರು ಹಣ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳಲ್ಲಿ ದೂರು ದಾಖಲಿಸಬೇಕು. ನಮ್ಮ ಅಂಗಡಿಯ ಮೆಮೊ ಬಂದದ್ದು ಮಾರ್ಚ್ 25ಕ್ಕೆ, ಅಂದರೆ ನೋಟಿಸಿಗೆ ಏಪ್ರಿಲ್ 24ರವರೆಗೆ ಸಮಯ. ಲೆಕ್ಕವನ್ನು ಆಡಿಟರ್ ಬಳಿ ಕೊಡುವುದು ಜೂನ್‌ನಲ್ಲೋ ಜುಲೈನಲ್ಲೋ ಆದರೆ ಆ ಗಡುವು ಎಂದೋ ದಾಟಿರುತ್ತದೆ. ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು. ಅದರೊಳಗೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸಾದರೆ ಆಗಿನಿಂದ ಹೊಸದಾಗಿ ಎಣಿಸಲು ಅವಕಾಶವಿದೆ. ಜೂನ್ 20 ದಾಟಿದ ಮೇಲೆ ಆ ದಾರಿಯೂ ಮುಚ್ಚುತ್ತದೆ. ಬಾಕಿ ವಸೂಲಿಗೆ ಸಿವಿಲ್ ದಾವೆ ಹೂಡುವ ಹಕ್ಕು ಉಳಿದಿರುತ್ತದೆ, ಆದರೆ ಚೆಕ್ಕಿಗಿದ್ದ ಬಿಸಿ ಆರಿಹೋಗಿರುತ್ತದೆ.

ವಾಪಸಿಗೆ ಕಾರಣ ಸಹಿ ಹೊಂದದಿರುವುದೋ ಅಕ್ಷರದಲ್ಲಿ ಬರೆದ ಮೊತ್ತಕ್ಕೂ ಅಂಕಿಗೂ ವ್ಯತ್ಯಾಸವೋ ಆಗಿದ್ದರೆ ಜಗಳ ಬೇಡ, ಫೋನ್ ಮಾಡಿದರೆ ಹೊಸ ಚೆಕ್ ಬರುತ್ತದೆ. ಪುಸ್ತಕದ ಎಂಟ್ರಿ ಮಾತ್ರ ಆಗಲೂ ಅದೇ. ನಾವೇ ಕೊಟ್ಟ ಚೆಕ್ ವಾಪಸಾದರೆ ಎಂಟ್ರಿ ಮಗುಚುತ್ತದೆ: ಬ್ಯಾಂಕ್ ಖಾತೆ ಡೆಬಿಟ್, ಸರಕು ಕೊಟ್ಟವರ ಖಾತೆಗೆ ಕ್ರೆಡಿಟ್.

ಮೂರನೆಯದು ಬಡ್ಡಿ. ಇಲ್ಲೊಂದು ಪ್ರಶ್ನೆ ಕೇಳಲೇಬೇಕು. ಅಂಗಡಿಯ ಖಾತೆ ಚಾಲ್ತಿ ಖಾತೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ಅಂಗಡಿಯ ಚಾಲ್ತಿ ಖಾತೆಗೆ ಬಡ್ಡಿ ಇಲ್ಲ. ಹಾಗಾದರೆ 13,500 ಎಲ್ಲಿಂದ ಬಂತು? ಅಂಗಡಿಯ ಹೆಸರಿನಲ್ಲಿರುವ ನಿಶ್ಚಿತ ಠೇವಣಿಯ ಮೂರು ತಿಂಗಳ ಬಡ್ಡಿಯನ್ನು ಬ್ಯಾಂಕ್ ಈ ಖಾತೆಗೆ ಹಾಕಿದೆ. ಪರೀಕ್ಷೆಯ ಲೆಕ್ಕಗಳಲ್ಲಿ ‘ಬ್ಯಾಂಕ್ ಬಡ್ಡಿ ಜಮೆ’ ಎಂದು ಬರೆದುಬಿಡುತ್ತಾರೆ, ಎಲ್ಲಿಯದು ಎಂದು ಕೇಳುವುದಿಲ್ಲ. ನಿಜವಾದ ಸ್ಟೇಟ್‌ಮೆಂಟಿನಲ್ಲಿ ಕೇಳಬೇಕು, ಯಾಕೆಂದರೆ ಜಮೆಯಾದದ್ದೇ ಪೂರ್ತಿ ಬಡ್ಡಿಯಾಗಿರಬೇಕಿಲ್ಲ.

ಒಂದು ವರ್ಷದಲ್ಲಿ ಒಂದು ಬ್ಯಾಂಕಿನಿಂದ ಬರುವ ಠೇವಣಿ ಬಡ್ಡಿ 50,000 ರೂಪಾಯಿ ದಾಟಿದರೆ ಬ್ಯಾಂಕ್ ಶೇ 10ರಷ್ಟನ್ನು ಮೂಲದಲ್ಲೇ ತೆರಿಗೆಯಾಗಿ ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 40,000 ಇತ್ತು. ಹಿರಿಯ ನಾಗರಿಕರಿಗೆ ಮಿತಿ ಇನ್ನೂ ಹೆಚ್ಚು. ನಮ್ಮ ಅಂಗಡಿಗೆ ಬಂದ ಬಡ್ಡಿ ಮೂರು ತಿಂಗಳಿಗೆ 15,000, ವರ್ಷಕ್ಕೆ 60,000, ಮಿತಿ ದಾಟಿದೆ. ಬ್ಯಾಂಕ್ 1,500 ಹಿಡಿದು 13,500 ಹಾಕಿದೆ. ಎಂಟ್ರಿ ಹೀಗಿರಬೇಕು:

ಬ್ಯಾಂಕ್ ಖಾತೆ, ಡೆಬಿಟ್ 13,500
ಹಿಡಿದ ತೆರಿಗೆ (ಟಿಡಿಎಸ್) ಬರಬೇಕಾದದ್ದು, ಡೆಬಿಟ್ 1,500
ಬಂದ ಬಡ್ಡಿ ಖಾತೆಗೆ, ಕ್ರೆಡಿಟ್ 15,000

ಬಂದದ್ದು 13,500, ಆದ್ದರಿಂದ ಬಡ್ಡಿಯೂ 13,500 ಎಂದು ಬರೆದರೂ ಬ್ಯಾಂಕ್ ಲೆಕ್ಕ ತಾಳೆಯಾಗುತ್ತದೆ. ಸಿಕ್ಕಿಬೀಳುವುದು ಆದಾಯ ತೆರಿಗೆ ವಿವರ ಸಲ್ಲಿಸುವಾಗ. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ 15,000 ಬಡ್ಡಿ, 1,500 ತೆರಿಗೆ ಎಂದಿರುತ್ತದೆ. ನಮ್ಮ ಪುಸ್ತಕದಲ್ಲಿ ಆದಾಯ ಕಡಿಮೆ, ಹಿಡಿದ ತೆರಿಗೆ ಇಲ್ಲವೇ ಇಲ್ಲ. ಸಲ್ಲಬೇಕಾದ 1,500 ಕೇಳದೆ ಹೋಗುತ್ತದೆ, ಜತೆಗೆ ವ್ಯತ್ಯಾಸ ಏಕೆ ಎಂಬ ಪ್ರಶ್ನೆ ಬರುತ್ತದೆ. ಟ್ರಸ್ಟುಗಳ, ನೋಂದಾಯಿತ ಸಂಘಗಳ ಉಳಿತಾಯ ಖಾತೆಗಳ ಮಾತು ಬೇರೆ. ಉಳಿತಾಯ ಖಾತೆಯ ಬಡ್ಡಿಗೆ ಮೂಲದಲ್ಲಿ ತೆರಿಗೆ ಹಿಡಿಯುವ ನಿಯಮ ಇಲ್ಲ, ಜಮೆಯಾದಷ್ಟೇ ಬಡ್ಡಿ, ಎಂಟ್ರಿ ಎರಡೇ ಸಾಲು.

ಮೂರೂ ಎಂಟ್ರಿ ಹಾಕಿದ ಮೇಲೆ ಅಂಗಡಿಯ ಬ್ಯಾಂಕ್ ಖಾತೆ ಎಲ್ಲಿಗೆ ಬಂತು ನೋಡೋಣ. 1,86,400ಕ್ಕೆ ಬಡ್ಡಿಯ 13,500 ಸೇರಿಸಿ, ಶುಲ್ಕದ 826 ಮತ್ತು ಬೌನ್ಸಿನ 38,500 ಕಳೆದರೆ 1,60,574. ಇನ್ನೊಂದು ಕಡೆ, ಸ್ಟೇಟ್‌ಮೆಂಟಿನ 1,69,574ಕ್ಕೆ ಇನ್ನೂ ಜಮೆಯಾಗದ 15,000 ಸೇರಿಸಿ, ಟೈಲ್ಸ್ ಕಂಪನಿಯವರು ಹಾಕದ 24,000 ಕಳೆದರೂ 1,60,574. ಮಾರ್ಚ್ 31ಕ್ಕೆ ಅಂಗಡಿಯ ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಬ್ಯಾಂಕಿನ ಎದುರು ಬರೆಯಬೇಕಾದ ಅಂಕಿ ಇದೇ. ಪುಸ್ತಕದ ಮೊದಲಿನ ಅಂಕಿಯೂ ಅಲ್ಲ, ಸ್ಟೇಟ್‌ಮೆಂಟಿನ ಅಂಕಿಯೂ ಅಲ್ಲ. ಸ್ಟೇಟ್‌ಮೆಂಟ್ ಏಪ್ರಿಲ್ 10ಕ್ಕೆ ಕೈಗೆ ಬಂದಿದ್ದರೂ ಈ ಎಂಟ್ರಿಗಳಿಗೆ ಬ್ಯಾಂಕ್ ಹಾಕಿದ ಮಾರ್ಚ್ ತಾರೀಖನ್ನೇ ಕೊಡಬೇಕು. ಏಪ್ರಿಲ್ ತಾರೀಖು ಕೊಟ್ಟರೆ ಹಳೆಯ ವರ್ಷದ ಬಡ್ಡಿ, ಹಳೆಯ ವರ್ಷದ ಖರ್ಚು ಹೊಸ ವರ್ಷಕ್ಕೆ ಜಾರುತ್ತವೆ.

ಲಾಭದ ಮೇಲಿನ ಪರಿಣಾಮವೂ ಸ್ವಾರಸ್ಯವಾಗಿದೆ. ಬ್ಯಾಂಕ್ ಬಾಕಿ ಇಳಿದದ್ದು 25,826. ಲಾಭ ಮಾತ್ರ ಏರಿತು. ಬಡ್ಡಿ 15,000 ಮತ್ತು ರದ್ದಾದ ರಿಯಾಯಿತಿ 500 ಸೇರಿ, ಶುಲ್ಕದ 700 ಕಳೆದು 14,800 ಹೆಚ್ಚು. ಬೌನ್ಸ್ ಆದ 38,500 ಲಾಭ-ನಷ್ಟವನ್ನು ಮುಟ್ಟಲೇ ಇಲ್ಲ, ಬ್ಯಾಂಕಿನಿಂದ ಗುತ್ತಿಗೆದಾರರ ಹೆಸರಿಗೆ ಜಾಗ ಬದಲಾಯಿಸಿತು ಅಷ್ಟೇ.

ಈಗ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಒಂದು ಮಾತು, ಇದರಲ್ಲಿ ಅನುಭವಸ್ಥರೂ ಮೋಸಹೋಗುತ್ತಾರೆ. ಬ್ಯಾಂಕ್ ಹೊಂದಾಣಿಕೆಯ ಪರದೆಯಲ್ಲಿ `Bank Date` ಎಂಬ ಕಾಲಂ ಇದೆ. ಪ್ರತಿ ವ್ಯವಹಾರದ ಎದುರು ಬ್ಯಾಂಕಿನ ತಾರೀಖು ತುಂಬುತ್ತ ಹೋದರೆ ಕೆಳಗೆ ಬ್ಯಾಂಕ್ ಪ್ರಕಾರದ ಬಾಕಿ ಎಂದು ಒಂದು ಮೊತ್ತ ತೋರಿಸುತ್ತದೆ. ತಾರೀಖುಗಳನ್ನು ಕೈಯಿಂದ ತುಂಬಿದಾಗ ಆ ಮೊತ್ತ ಬ್ಯಾಂಕಿನಿಂದ ಬಂದದ್ದಲ್ಲ. ನಮ್ಮ ಪುಸ್ತಕದ ಬಾಕಿಯಿಂದ, ತಾರೀಖು ತುಂಬದ ವ್ಯವಹಾರಗಳನ್ನು ಕೂಡಿ ಕಳೆದು ಟ್ಯಾಲಿಯೇ ಲೆಕ್ಕ ಹಾಕಿದ್ದು. ನಾವು ಬರೆಯದೇ ಇರುವ ಶುಲ್ಕ, ಬೌನ್ಸ್, ಬಡ್ಡಿ ಅದಕ್ಕೆ ಹೇಗೆ ಗೊತ್ತಾಗಬೇಕು? ನಮ್ಮ ಅಂಗಡಿಯಲ್ಲಿ ಮೂರೂ ಎಂಟ್ರಿಗೆ ಮೊದಲು ಅದು ತೋರಿಸುವುದು 1,95,400. ಸ್ಟೇಟ್‌ಮೆಂಟಿನಲ್ಲಿರುವುದು 1,69,574. ಎರಡರ ನಡುವಿನ 25,826 ಎಂಬುದೇ ಎಂಟ್ರಿ ಬೇಡುತ್ತಿರುವ ಮೊತ್ತ. ಪರದೆಯ ಅಂಕಿಯನ್ನು ಸ್ಟೇಟ್‌ಮೆಂಟಿನ ಕೊನೆಯ ಸಾಲಿನ ಜತೆ ಕಣ್ಣಾರೆ ಹೋಲಿಸದೆ ತಾರೀಖು ತುಂಬಿ ಮುಗಿಸಿದರೆ ಹೊಂದಾಣಿಕೆ ಆದಂತೆ ಕಾಣುತ್ತದೆ, ಆಗಿರುವುದಿಲ್ಲ.

ಎಂಟ್ರಿ ಹಾಕುವಾಗ ಶುಲ್ಕಕ್ಕೂ ಬೌನ್ಸಿಗೂ ಪೇಮೆಂಟ್ ವೋಚರ್, ಬಡ್ಡಿಗೆ ರಿಸೀಟ್ ವೋಚರ್ ಬಳಸಿದರೆ ಸಾಕು. ಗಿರಾಕಿಯಿಂದ ಹಣ ಬಾರದೆ ಹೋದದ್ದಕ್ಕೆ ಪೇಮೆಂಟ್ ವೋಚರ್ ಏಕೆ ಎಂದು ಕೆಲವರಿಗೆ ಇರುಸುಮುರುಸು. ಬ್ಯಾಂಕಿನಿಂದ ಹಣ ಹೊರಹೋಗಿದೆ, ಅದಕ್ಕೇ. ಗುತ್ತಿಗೆದಾರರ ಹೆಸರನ್ನು ಡೆಬಿಟ್ ಮಾಡುವಾಗ ಹಳೆಯ ಬಿಲ್ಲಿನ ಸಂಖ್ಯೆಯನ್ನೇ ತೋರಿಸಬೇಕು, ಹೊಸ ಬಾಕಿ ಎಂದು ಹಾಕಿದರೆ ಆ ಸಾಲದ ವಯಸ್ಸು ಇವತ್ತಿನಿಂದ ಶುರುವಾಗುತ್ತದೆ. ಐದು ತಿಂಗಳ ಹಳೆಯ ಬಾಕಿ ನಿನ್ನೆ ಮೊನ್ನೆಯದರಂತೆ ಕಾಣುತ್ತದೆ. 500ರ ರಿಯಾಯಿತಿಗೆ ಪ್ರತ್ಯೇಕ ಜರ್ನಲ್ ಹಾಕಿ. ವಿವರಣೆಯ ಜಾಗದಲ್ಲಿ ಚೆಕ್ ಸಂಖ್ಯೆ, ವಾಪಸಾದ ತಾರೀಖು, ಕಾರಣ ಇಷ್ಟನ್ನು ಬರೆಯಿರಿ.

ತಾಳೆಯಾಗದೆ ಉಳಿದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಮಾರ್ಚ್ ಮುಗಿಸುವ ಚಾಳಿ ಇದೆ. 25,826ನ್ನು ಒಂದೇ ಸಾಲಿನಲ್ಲಿ ಸಸ್ಪೆನ್ಸಿಗೆ ಹಾಕಿದರೆ ಬಡ್ಡಿ, ತೆರಿಗೆ, ಗುತ್ತಿಗೆದಾರರ ಬಾಕಿ ಮೂರೂ ಒಂದೇ ಗಂಟಿನಲ್ಲಿ ಕಳೆದುಹೋಗುತ್ತವೆ. ಒಂದು ವರ್ಷದ ನಂತರ ಅದನ್ನು ಬಿಚ್ಚಲು ಹಳೆಯ ಸ್ಟೇಟ್‌ಮೆಂಟ್ ಹುಡುಕಿ ಕೂರಬೇಕು.

ಎಂಟ್ರಿ ಬೇಡ ಎಂದು ಬಿಟ್ಟ ಎರಡು ಸಾಲುಗಳ ಮೇಲೂ ಮುಂದಿನ ತಿಂಗಳು ಕಣ್ಣಿಡಬೇಕು. ಡ್ರಾಪ್ ಬಾಕ್ಸಿಗೆ ಹಾಕಿದ 15,000 ಏಪ್ರಿಲ್‌ನ ಮೊದಲ ಕೆಲಸದ ದಿನಗಳಲ್ಲೇ ಜಮೆಯಾಗಬೇಕು. 2025ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಚೆಕ್ಕುಗಳನ್ನು ದಿನವಿಡೀ ಸ್ಕ್ಯಾನ್ ಮಾಡಿ ಕಳಿಸುತ್ತಿವೆ, ಹಿಂದಿನಂತೆ ಎರಡು ದಿನ ಕಾಯುವ ಕಾಲ ಹೋಯಿತು. ಏಪ್ರಿಲ್ ಕೊನೆಗೂ ಆ ಸಾಲು ‘ಜಮೆಯಾಗಿಲ್ಲ’ ಎಂದೇ ಉಳಿದಿದ್ದರೆ ಚೆಕ್ ಬ್ಯಾಂಕಿಗೆ ಹೋಯಿತೇ ಎಂದು ವಿಚಾರಿಸಿ. ನಗದು ಕಟ್ಟಿದ್ದೆಂದು ಬರೆದು ಜಮೆಯಾಗದಿದ್ದರೆ ಅದೇ ದಿನ ವಿಚಾರಿಸಿ. ಟೈಲ್ಸ್ ಕಂಪನಿಯ 24,000 ಮೂರು ತಿಂಗಳಾದರೂ ಹೋಗದಿದ್ದರೆ ಆ ಚೆಕ್ ಸತ್ತಿದೆ. ಅದನ್ನು ತಿರುಗಿಸಿ ಬರೆದು ಅವರ ಬಾಕಿಯನ್ನು ಮತ್ತೆ ತೋರಿಸಬೇಕು, ಅಂದರೆ ಅಲ್ಲಿಯೂ ಕೊನೆಗೆ ಎಂಟ್ರಿಯೇ.

ಹೊಂದಾಣಿಕೆಗೂ ಮಿತಿ ಇದೆ. ಬಡ್ಡಿಯನ್ನು ಅಸಲಿಗೇ ಸೇರಿಸುತ್ತ ಹೋಗುವ ಠೇವಣಿ ಇದ್ದರೆ ಆ ಬಡ್ಡಿ ಚಾಲ್ತಿ ಖಾತೆಗೆ ಬರುವುದೇ ಇಲ್ಲ, ಸ್ಟೇಟ್‌ಮೆಂಟಿನ ಯಾವ ಸಾಲಿನಲ್ಲೂ ಸಿಗುವುದಿಲ್ಲ. ತೆರಿಗೆ ಮಾತ್ರ ಹಿಡಿದಿರುತ್ತಾರೆ. ಅದಕ್ಕೆ ಬ್ಯಾಂಕಿನಿಂದ ಪ್ರತ್ಯೇಕ ಬಡ್ಡಿ ಪ್ರಮಾಣಪತ್ರ ತರಿಸಿಕೊಂಡು ಬರೆಯಬೇಕು. ಹಾಗೆಯೇ ಒಬ್ಬರ ಚೆಕ್ಕನ್ನು ಇನ್ನೊಬ್ಬರ ಖಾತೆಗೆ ಜಮೆ ಮಾಡಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಅದನ್ನು ಹಿಡಿದುಕೊಡಲಾರದು, ಅದಕ್ಕೆ ಗಿರಾಕಿಗಳಿಂದಲೇ ಬಾಕಿ ಖಚಿತಪಡಿಸಿಕೊಳ್ಳಬೇಕು.

ನಿಮ್ಮ ಅಂಗಡಿಯೋ ಸಂಘವೋ ಬಿ.ಆರ್.ಎಸ್. ಅನ್ನು ವರ್ಷಕ್ಕೊಮ್ಮೆ ಮಾಡುತ್ತಿದ್ದರೆ ಇನ್ನು ತಿಂಗಳಿಗೊಮ್ಮೆ, ಮುಂದಿನ ತಿಂಗಳ ಹತ್ತರೊಳಗೆ ಮಾಡಿ. ಬೌನ್ಸ್ ಆದ ಚೆಕ್ಕಿನ ನೋಟಿಸಿಗೆ ಇರುವುದು 30 ದಿನ, ಆ ಗಡುವಿನೊಳಗೆ ವಿಷಯ ತಿಳಿಯಬೇಕಾದರೆ ಅದಕ್ಕಿಂತ ತಡಮಾಡುವಂತಿಲ್ಲ.